ಕರಾವಳಿಯ ಅಡುಗೆಮನೆಗೆ ಯಾವ ನೆಲ? ವಿಟ್ರಿಫೈಡ್ ಟೈಲ್ಸ್, ಕಲ್ಲುಗಳ ನಡುವೆ ಆಯ್ಕೆಗೆ ಒಂಬತ್ತು ಸೂತ್ರಗಳು

ಮಂಗಳೂರು, ಉಡುಪಿ, ಕಾರವಾರದ ಕಡೆ ಮನೆ ಕಟ್ಟುವವರು ಅಂಗಡಿಗೆ ಹೋದ ಕೂಡಲೇ ಕೇಳುವ ಪ್ರಶ್ನೆ ಒಂದೇ: ಅಡುಗೆಮನೆಗೆ ಟೈಲ್ಸ್ ಹಾಕಿಸುವುದೋ, ಗ್ರಾನೈಟ್ ಹಾಕಿಸುವುದೋ? ಅಂಗಡಿಯವರು ತಮ್ಮಲ್ಲಿ ಇರುವುದನ್ನು ಹೇಳುತ್ತಾರೆ, ಮೇಸ್ತ್ರಿ ತನಗೆ ರೂಢಿ ಇರುವುದನ್ನು ಹೇಳುತ್ತಾನೆ. ಆದರೆ ಕರಾವಳಿಯ ಅಡುಗೆಮನೆಯ ನೆಲಕ್ಕೆ ಮೂರು ದಿಕ್ಕಿನಿಂದ ನೀರು ಬರುತ್ತದೆ. ಮಣ್ಣಿನೊಳಗಿಂದ ತೇವ ಏರುತ್ತದೆ, ಮಳೆಗಾಲದ ಗಾಳಿಯಿಂದ ನೆಲ ಬೆವರುತ್ತದೆ, ದಿನವಿಡೀ ಕೈ ತೊಳೆದ ನೀರು, ಮೀನು ತೊಳೆದ ನೀರು, ಗಂಜಿ, ಎಣ್ಣೆ ಮೇಲಿಂದ ಚೆಲ್ಲುತ್ತವೆ. ಈ ಮೂರರಲ್ಲಿ ನಿಮ್ಮ ಮನೆಯಲ್ಲಿ ಯಾವುದು ಹೆಚ್ಚು ಎಂದು ತಿಳಿದರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ. ಉಳಿದ ಕಾಲು ಪಾಲನ್ನು ಮೇಲ್ಮೈ, ಸಂದು ಮತ್ತು ಕೂರಿಸುವ ಕೆಲಸ ತೀರ್ಮಾನಿಸುತ್ತವೆ. ಕ್ರಮವಾಗಿ ನೋಡೋಣ.

1. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಪರೀಕ್ಷಿಸಿ

ಇದಕ್ಕೆ ಒಂದು ಪ್ಲಾಸ್ಟಿಕ್ ಹಾಳೆ ಮತ್ತು ಅಗಲವಾದ ಅಂಟುಪಟ್ಟಿ ಸಾಕು. ಸುಮಾರು ಒಂದೂವರೆ ಅಡಿ ಉದ್ದಗಲದ ಪಾರದರ್ಶಕ ಹಾಳೆಯನ್ನು ಈಗಿರುವ ನೆಲದ ಮೇಲೆ ಹಾಸಿ, ನಾಲ್ಕೂ ಅಂಚನ್ನು ಗಾಳಿ ಆಡದಂತೆ ಅಂಟಿಸಿ. ಹಳೆಯ ಟೈಲ್ಸ್ ಇದ್ದರೆ ಹಾಳೆಯ ಕೆಳಗೆ ಸಂದು ಬರುವಂತೆ ಹಾಸಿ, ಏಕೆಂದರೆ ತೇವ ಮೇಲೇರುವುದು ಸಂದಿನಲ್ಲಿ. ಒಂದು ಹಗಲು, ಒಂದು ರಾತ್ರಿ ಹಾಗೆಯೇ ಬಿಡಿ. ಹೊರಗೋಡೆಯ ಪಕ್ಕದಲ್ಲಿ ಒಂದು, ಕೋಣೆಯ ನಡುವೆ ಒಂದು ಹಾಳೆ ಇಟ್ಟರೆ ಹೋಲಿಸಿ ನೋಡಬಹುದು.

ಹಾಳೆಯ ಒಳಮೈಯಲ್ಲಿ ಹನಿಗಳು ಕಟ್ಟಿದ್ದರೆ, ಅಥವಾ ಅದರ ಕೆಳಗಿನ ನೆಲ ಸುತ್ತಲಿಗಿಂತ ಕಪ್ಪಾಗಿದ್ದರೆ, ತೇವ ಬರುತ್ತಿರುವುದು ಮಣ್ಣಿನಿಂದ. ಒಳಮೈ ಒಣಗಿದ್ದು ಹಾಳೆಯ ಮೇಲ್ಮೈ ಮಾತ್ರ ಒದ್ದೆಯಾಗಿದ್ದರೆ, ಅದು ಗಾಳಿಯ ನೀರು. ಈ ಪರೀಕ್ಷೆಯನ್ನು ಜುಲೈ ತಿಂಗಳ ಮಳೆಯಲ್ಲಿ ಮಾಡಿ. ಮಾರ್ಚ್‌ನಲ್ಲಿ ಮಾಡಿ ನೆಲ ಒಣಗಿದೆ ಎಂದುಕೊಂಡರೆ ಅದು ಮಳೆಗಾಲಕ್ಕೆ ಅನ್ವಯಿಸುವುದಿಲ್ಲ.

ನೆಲ ಬೆವರುವುದನ್ನು ಕಂಡು ಅನೇಕರು ಟೈಲ್ಸ್ ಕಳಪೆ ಎಂದು ದೂರುತ್ತಾರೆ. ಅದು ಟೈಲ್ಸ್‌ನ ದೋಷ ಅಲ್ಲ. ಗಾಳಿ 28 ಡಿಗ್ರಿ ಸೆಲ್ಸಿಯಸ್ ಇದ್ದು ತೇವಾಂಶ ಶೇ. 90 ಇದ್ದರೆ, ನೆಲ ಸುಮಾರು 26 ಡಿಗ್ರಿಗೆ ಇಳಿದರೂ ಸಾಕು, ಅದರ ಮೇಲೆ ನೀರು ಕಟ್ಟುತ್ತದೆ. ಎರಡೇ ಡಿಗ್ರಿ ವ್ಯತ್ಯಾಸ! ಮಣ್ಣಿಗೆ ತಾಗಿದ ನೆಲ ಸುಲಭವಾಗಿ ಅಷ್ಟು ತಣ್ಣಗಿರುತ್ತದೆ. ಟೈಲ್ಸ್ ಇರಲಿ, ಗ್ರಾನೈಟ್ ಇರಲಿ, ಎರಡೂ ಬೆವರುತ್ತವೆ. ದಪ್ಪ ಕಲ್ಲು ತಂಪನ್ನು ಇನ್ನಷ್ಟು ಹೊತ್ತು ಹಿಡಿದಿಡುವುದರಿಂದ ನಿಧಾನವಾಗಿ ಒಣಗುತ್ತದೆ. ಹಾಗಾಗಿ ಬೆವರಿಗೆ ಮದ್ದು ವಸ್ತು ಬದಲಿಸುವುದಲ್ಲ. ಗಾಳಿ ಹೊರಹಾಕುವ ಫ್ಯಾನು, ಒಲೆಯ ಹಬೆ ಹೊರಹೋಗುವ ದಾರಿ ಮತ್ತು ಜಾರದ ಮೇಲ್ಮೈ.

2. ಮಣ್ಣಿನ ತೇವ ಇದ್ದರೆ ಅದನ್ನು ತಡೆಯದೆ ಯಾವುದನ್ನೂ ಹಾಸಬೇಡಿ

ಮಣ್ಣಿನ ತೇವ ಬರಿಗೈಯಲ್ಲಿ ಬರುವುದಿಲ್ಲ, ಲವಣ ಹೊತ್ತು ಬರುತ್ತದೆ. ನೀರು ಆರಿದ ಮೇಲೆ ಉಳಿಯುವ ಆ ಲವಣವೇ ಸಂದಿನಲ್ಲಿ ಕಾಣುವ ಬಿಳಿ ಪುಡಿ. ಕಲ್ಲಿನ ನೆಲದಲ್ಲಿ ಇನ್ನೊಂದು ಗುರುತು ಕಾಣುತ್ತದೆ: ತಿಳಿ ಬಣ್ಣದ ಗ್ರಾನೈಟ್ ಚಪ್ಪಡಿಯ ನಡುಭಾಗ ಮಾಮೂಲಿಯಾಗಿದ್ದು ನಾಲ್ಕೂ ಅಂಚು ಮಾತ್ರ ಚೌಕಟ್ಟು ಹಾಕಿದಂತೆ ಕಪ್ಪಾಗಿರುತ್ತದೆ. ತಿಂಗಳುಗಟ್ಟಲೆ ಒರೆಸಿದರೂ ಅದು ಹೋಗುವುದಿಲ್ಲ, ಕಾರಣ ಆ ತೇವ ಇರುವುದು ಕಲ್ಲಿನ ಒಳಗೆ.

ಇಂಥ ನೆಲದ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿ ಸಂದನ್ನೂ ಗಟ್ಟಿಯಾಗಿ ಮುಚ್ಚಿದರೆ ನೆಲವೇನೋ ಒಣಗಿದಂತೆ ಕಾಣುತ್ತದೆ, ಆದರೆ ತೇವ ಗೋಡೆಯ ಕಡೆಗೆ ಸರಿಯುತ್ತದೆ. ಸ್ಕರ್ಟಿಂಗ್ ಮೇಲೆ ಬಣ್ಣ ಉಬ್ಬಿ ಉದುರುವುದು, ಕಟ್ಟೆಯ ಕೆಳಗಿನ ಪ್ಲೈವುಡ್ ಕಪಾಟಿನ ಬುಡ ಊದುವುದು ಆಗಲೇ.

ಹೊಸ ಮನೆಯಾದರೆ ಪರಿಹಾರ ಸುಲಭ, ಅಗ್ಗ. ನೆಲದ ಕಾಂಕ್ರೀಟ್ ಹಾಕುವ ಮೊದಲು, ದಮ್ಮಸ್ಸು ಮಾಡಿದ ನೆಲದ ಮೇಲೆ ಮರಳು ಹರಡಿ 250 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ ಹಾಸಿ. ಹಾಳೆಗಳು ಒಂದರ ಮೇಲೊಂದು ಅರ್ಧ ಅಡಿಯಾದರೂ ಬರಲಿ, ಆ ಸೇರಿಕೆಗೆ ಅಂಟುಪಟ್ಟಿ ಹಾಕಿ, ಗೋಡೆಯ ಅಂಚಿನಲ್ಲಿ ಹಾಳೆಯನ್ನು ಮೇಲಕ್ಕೆ ಮಡಚಿ. ಹಳೆಯ ಮನೆಯಾದರೆ ಮೊದಲು ಹೊರಗೆ ನೋಡಿ. ಮಾಡಿನ ನೀರು ಗೋಡೆಯ ಬುಡಕ್ಕೇ ಬೀಳುತ್ತಿದೆಯೇ, ಹಿತ್ತಿಲ ಮಣ್ಣು ಒಳನೆಲದ ಮಟ್ಟಕ್ಕೆ ಏರಿದೆಯೇ, ಪಾತ್ರೆ ತೊಳೆದ ನೀರು ಅಲ್ಲೇ ಇಂಗುತ್ತಿದೆಯೇ? ಬಹಳಷ್ಟು ಮನೆಗಳಲ್ಲಿ ಹೊರಗಿನ ಚರಂಡಿ ಸರಿಪಡಿಸಿದರೆ ಒಳಗಿನ ತೇವ ಗಣನೀಯವಾಗಿ ಇಳಿಯುತ್ತದೆ. ಅದಾದ ಮೇಲೂ ಮುಂದಿನ ಮಳೆಗಾಲದಲ್ಲಿ ಹಾಳೆಯ ಕೆಳಗೆ ಹನಿ ಕಟ್ಟಿದರೆ, ನೆಲ ಅಗೆದು ಪಾಲಿಥೀನ್ ಹಾಸಿ ಕಾಂಕ್ರೀಟ್ ಹಾಕಿಸುವುದೇ ನಂಬಬಹುದಾದ ದಾರಿ.

3. "ಕಲ್ಲು" ಎಂದರೆ ಯಾವ ಕಲ್ಲು ಎಂದು ಕೇಳಿ, ನಿಂಬೆಹಣ್ಣು ಒಯ್ಯಿರಿ

ಅಂಗಡಿಯಲ್ಲಿ ಕಲ್ಲು ಎಂದು ಒಂದೇ ಹೆಸರಿನಲ್ಲಿ ಮಾರಾಟವಾಗುವುದರಲ್ಲಿ ಎರಡು ಬೇರೆ ಬೇರೆ ಕುಲಗಳಿವೆ. ಇಳಕಲ್ಲಿನ ಕೆಂಪು, ಚಾಮರಾಜನಗರದ ಕಪ್ಪು ಮುಂತಾದ ಗ್ರಾನೈಟ್‌ಗಳು ಒಂದು ಕುಲ. ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಆಂಧ್ರದ ಕಡಪ ಕಲ್ಲು, ರಾಜಸ್ಥಾನದ ಕೋಟಾ ಕಲ್ಲು ಇನ್ನೊಂದು ಕುಲ, ಇವು ಸುಣ್ಣಕಲ್ಲುಗಳು. ಅಮೃತಶಿಲೆಯೂ ಗುಣದಲ್ಲಿ ಇವುಗಳ ಬಂಧುವೇ.

ವ್ಯತ್ಯಾಸ ಗೊತ್ತಾಗುವುದು ಹುಳಿ ಬಿದ್ದಾಗ. ಕರಾವಳಿಯ ಅಡುಗೆಯಲ್ಲಿ ಹುಣಸೆ, ಪುನರ್ಪುಳಿ, ನಿಂಬೆ, ಮಜ್ಜಿಗೆ ಇಲ್ಲದ ದಿನ ಇಲ್ಲ. ಹುಳಿ ಸುಣ್ಣವನ್ನು ಕರಗಿಸುತ್ತದೆ. ಪಾಲಿಶ್ ಮಾಡಿದ ಸುಣ್ಣಕಲ್ಲಿನ ಮೇಲೆ ಹುಣಸೆರಸ ಬಿದ್ದು ರಾತ್ರಿಯಿಡೀ ಉಳಿದರೆ ಬೆಳಗ್ಗೆ ಅಲ್ಲಿ ಮಂಕಾದ ಮಚ್ಚೆ ಇರುತ್ತದೆ. ಅದು ಕಲೆಯಲ್ಲ, ಮೇಲ್ಮೈಯೇ ಸವೆದಿರುವುದು. ಸೋಪು ಹಾಕಿ ತಿಕ್ಕಿದರೆ ಹೋಗುವುದಿಲ್ಲ, ಮತ್ತೆ ಪಾಲಿಶ್ ಮಾಡಿಸಬೇಕು. ಗ್ರಾನೈಟ್‌ಗೆ ಅಡುಗೆಯ ಹುಳಿಯಿಂದ ಹೀಗೆ ಆಗುವುದಿಲ್ಲ.

ಆದ್ದರಿಂದ ಮಾದರಿ ತುಂಡು ತಂದು ಮೂರು ಪರೀಕ್ಷೆ ಮಾಡಿ. ಒಂದು, ನಿಂಬೆರಸ ಹಾಕಿ ಕಾಲು ಗಂಟೆ ಬಿಟ್ಟು ಒರೆಸಿ. ಹೊಳಪು ಮಂಕಾದರೆ ಅದು ಸುಣ್ಣಕಲ್ಲು. ಎರಡು, ಒಂದು ಹನಿ ತೆಂಗಿನೆಣ್ಣೆ ಹಾಕಿ ರಾತ್ರಿಯಿಡೀ ಬಿಡಿ. ಬೆಳಗ್ಗೆ ತೊಳೆದರೂ ಕಪ್ಪು ಗುರುತು ಉಳಿದರೆ ಆ ಕಲ್ಲು ಎಣ್ಣೆ ಕುಡಿಯುತ್ತದೆ. ಮೂರು, ಕಪ್ಪು ಗ್ರಾನೈಟ್ ಆದರೆ ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಉಜ್ಜಿ. ಬಟ್ಟೆ ಕಪ್ಪಾದರೆ ಬೂದು ಕಲ್ಲಿಗೆ ಬಣ್ಣ ತಿನ್ನಿಸಿ ಮಾರುತ್ತಿದ್ದಾರೆ ಎಂದೇ ಅರ್ಥ.

ತಿಳಿ ಬಣ್ಣದ ಗ್ರಾನೈಟ್ ಬಗ್ಗೆ ಇನ್ನೊಂದು ಎಚ್ಚರಿಕೆ. ಕೆಲವು ಕಲ್ಲುಗಳಲ್ಲಿ ಕಬ್ಬಿಣದ ಅಂಶವಿರುವ ಖನಿಜಗಳಿರುತ್ತವೆ. ಸದಾ ತೇವ ಇರುವಲ್ಲಿ ಅವು ತುಕ್ಕು ಹಿಡಿದು ಹಳದಿ, ಕಂದು ಚುಕ್ಕಿಗಳಾಗುತ್ತವೆ. ಕರಾವಳಿಯ ಅಡುಗೆಮನೆಗೆ ಕಲ್ಲೇ ಬೇಕೆಂದರೆ ಒತ್ತಾದ, ಗಾಢ ಬಣ್ಣದ ಗ್ರಾನೈಟ್ ಆರಿಸಿ.

4. ಟೈಲ್ಸ್ ಕೊಳ್ಳುವಾಗ ಮುಖಕ್ಕಿಂತ ಬೆನ್ನನ್ನು ನೋಡಿ

ಟೈಲ್ಸ್‌ನಲ್ಲೂ ಎರಡು ಕುಲ. ಮಾಮೂಲಿ ಸೆರಾಮಿಕ್ ಟೈಲ್ಸ್ ನೀರು ಹೀರುತ್ತವೆ. ವಿಟ್ರಿಫೈಡ್ ಟೈಲ್ಸ್ ಹೀರುವ ನೀರು ತೂಕದ ಶೇ. 0.5 ಮೀರಬಾರದು ಎಂಬುದು ಮಾನದಂಡ. ಹೆಚ್ಚಿನ ಉಷ್ಣದಲ್ಲಿ ಸುಟ್ಟಾಗ ಒಳಗಿನ ಖನಿಜ ಭಾಗಶಃ ಕರಗಿ ಗಾಜಿನಂತೆ ರಂಧ್ರ ಮುಚ್ಚುವುದರಿಂದ ಈ ಗುಣ ಬರುತ್ತದೆ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಟೈಲನ್ನು ಮಗುಚಿ, ಬೆನ್ನಿನ ಬಿಳಿ ಪುಡಿ ಒರೆಸಿ, ಒಂದು ಚಮಚ ನೀರು ಹಾಕಿ. ನೀರು ಕಣ್ಣೆದುರೇ ಇಂಗಿ ಹೋದರೆ ಅದು ಸೆರಾಮಿಕ್. ವಿಟ್ರಿಫೈಡ್ ಆದರೆ ನೀರು ಹಾಗೇ ನಿಲ್ಲುತ್ತದೆ.

ವಿಟ್ರಿಫೈಡ್‌ನಲ್ಲಿ ಅಂಗಡಿಯವರು ಮುಖ್ಯವಾಗಿ ಎರಡು ಬಗೆ ತೋರಿಸುತ್ತಾರೆ. ಡಬಲ್ ಚಾರ್ಜ್ ಎಂಬುದರಲ್ಲಿ ಮೇಲಿನ ಮೂರು ನಾಲ್ಕು ಮಿಲಿಮೀಟರ್ ದಪ್ಪಕ್ಕೂ ಬಣ್ಣದ ಮಣ್ಣೇ ಇರುತ್ತದೆ. ತುಂಬ ಓಡಾಟಕ್ಕೆ ಬಾಳುತ್ತದೆ, ಚಿಕ್ಕ ಚಕ್ಕೆ ಎದ್ದರೂ ಕಣ್ಣಿಗೆ ಹೊಡೆಯುವುದಿಲ್ಲ. ಆದರೆ ಇದು ಸಾಮಾನ್ಯವಾಗಿ ಹೊಳಪು ಕೊಟ್ಟೇ ಬರುತ್ತದೆ, ಹೊಳಪು ಕೊಡಲು ಉಜ್ಜಿದಾಗ ಒಳಗಿನ ಸಣ್ಣ ರಂಧ್ರಗಳು ತೆರೆದುಕೊಳ್ಳುತ್ತವೆ. ಅದನ್ನು ಮುಚ್ಚಲು ಮೇಲೊಂದು ಲೇಪ ಕೊಟ್ಟಿರುತ್ತಾರೆ. ಆ ಲೇಪ ಸವೆದಂತೆ ಅರಿಶಿನ, ಎಣ್ಣೆ ಹಿಡಿಯತೊಡಗುತ್ತದೆ. ಇನ್ನೊಂದು ಬಗೆ ಜಿವಿಟಿ, ಅಂದರೆ ವಿಟ್ರಿಫೈಡ್ ಮೈಯ ಮೇಲೆ ಚಿತ್ರ ಮುದ್ರಿಸಿ ಗಾಜಿನ ಲೇಪ ಹಚ್ಚಿ ಸುಟ್ಟದ್ದು. ಇದರ ಮುಖ ಪೂರ್ತಿ ಮುಚ್ಚಿರುವುದರಿಂದ ಕಲೆ ಹಿಡಿಯುವುದು ಕಡಿಮೆ, ಮ್ಯಾಟ್ ಮೇಲ್ಮೈಯಲ್ಲಿ ಧಾರಾಳವಾಗಿ ಸಿಗುತ್ತದೆ. ಇದರ ದೌರ್ಬಲ್ಯ ಒಂದೇ: ಭಾರ ಬಿದ್ದು ಚಕ್ಕೆ ಎದ್ದರೆ ಚಿತ್ರದ ಕೆಳಗಿನ ಬೇರೆ ಬಣ್ಣ ಕಾಣುತ್ತದೆ.

ಕಲೆ, ಜಾರಿಕೆ ಎರಡನ್ನೂ ತೂಗಿ ನೋಡಿದರೆ ಮಳೆಯ ಊರಿನ ಅಡುಗೆಮನೆಗೆ ಮ್ಯಾಟ್ ಜಿವಿಟಿ ಉತ್ತಮ.

5. ಹೊಳಪನ್ನು ಹಜಾರಕ್ಕೆ ಬಿಡಿ, ಅಡುಗೆಮನೆಗೆ ಹಿಡಿತ ಕೊಡಿ

ನೆಲದ ಮೇಲೆ ಬರಿ ನೀರಿದ್ದರೆ ಕಾಲು ಸ್ವಲ್ಪ ಜಾರಬಹುದು. ನೀರಿಗೆ ಎಣ್ಣೆ, ಮೀನಿನ ಲೋಳೆ, ಅಕ್ಕಿ ತೊಳೆದ ಗಂಜಿನೀರು ಸೇರಿದರೆ ಹೊಳಪಿನ ನೆಲ ಅಪಾಯಕಾರಿ. ಬೆವರಿದ ನೆಲ ಇನ್ನೂ ಮೋಸದ್ದು, ಏಕೆಂದರೆ ಆ ತೆಳುವಾದ ನೀರಿನ ಪದರ ಕಣ್ಣಿಗೆ ಕಾಣುವುದಿಲ್ಲ. ಬೆಳಗ್ಗೆ ಐದಕ್ಕೆ ದೀಪ ಹಾಕುವ ಮೊದಲೇ ಒಳಗೆ ಕಾಲಿಡುವ ಹಿರಿಯರು ಬೀಳುವುದು ಇಂಥಲ್ಲೇ.

ಟೈಲ್ಸ್ ಆದರೆ ಜಾರುನಿರೋಧದ ಅಂಕ ಕೇಳಿ. ಎಣ್ಣೆ ಸವರಿದ ಇಳಿಜಾರಿನ ಮೇಲೆ ನಡೆದು ಅಳೆಯುವ ಈ ಅಂಕ ಆರ್‌9ರಿಂದ ಆರ್‌13ರವರೆಗೆ ಇರುತ್ತದೆ. ಮನೆಯ ಅಡುಗೆಮನೆಗೆ ಆರ್‌10 ಸಾಕು. ಅದಕ್ಕಿಂತ ಒರಟಾದುದು ಹೋಟೆಲಿನ ಅಡುಗೆಮನೆಗೆ ಸರಿ, ಮನೆಯಲ್ಲಿ ಅದರ ಗುಳಿಗಳಲ್ಲಿ ಜಿಡ್ಡು ಕೂತು ಒರೆಸುವ ಬಟ್ಟೆ ಸಿಕ್ಕಿಕೊಳ್ಳುತ್ತದೆ.

ಗ್ರಾನೈಟ್ ಆದರೆ ಕನ್ನಡಿ ಹೊಳಪಿನ ಬದಲು ಲೆದರ್ ಫಿನಿಶ್ ಅಥವಾ ಮಂದ ಹೊಳಪಿನ ಹೋನ್ಡ್ ಫಿನಿಶ್ ಕೇಳಿ. ಬೆಂಕಿ ಹಾಯಿಸಿ ಒರಟು ಮಾಡಿದ ಫ್ಲೇಮ್ಡ್ ಕಲ್ಲು ಅಂಗಳಕ್ಕೆ ಚೆನ್ನ, ಅಡುಗೆಮನೆಗೆ ಬೇಡ. ಹೊಳಪು ಕಡಿಮೆ ಮಾಡಿದ ಕಲ್ಲು ಎಣ್ಣೆ ಹೀರುವ ಸಾಧ್ಯತೆ ತುಸು ಹೆಚ್ಚು, ಆದ್ದರಿಂದ ಒಳಗೆ ಇಂಗುವ ಬಗೆಯ ಸೀಲರ್ ಹಚ್ಚಿಸಬೇಕು. ಮೇಲೆ ಪದರವಾಗಿ ಕೂರುವ ವಾರ್ನಿಶ್‌ನಂಥ ಲೇಪ ಹಚ್ಚಿಸಬೇಡಿ; ಕೆಳಗಿನ ತೇವ ಹೊರಬರಲಾಗದೆ ಲೇಪ ಬೆಳ್ಳಗಾಗಿ ಏಳುತ್ತದೆ. ಸೀಲರ್ ಸವೆದಿದೆಯೇ ಎಂದು ತಿಳಿಯಲು ಒಣಗಿದ ಕಲ್ಲಿನ ಮೇಲೆ ಒಂದು ಹನಿ ನೀರು ಹಾಕಿ ನೋಡಿ. ಕೆಲವೇ ನಿಮಿಷಗಳಲ್ಲಿ ಅಲ್ಲಿ ಕಪ್ಪಾದರೆ ಮತ್ತೆ ಹಚ್ಚುವ ಕಾಲ ಬಂದಿದೆ.

ಆಯ್ಕೆ ಮಾಡುವ ಮೊದಲು ಮಾದರಿ ತುಂಡಿನ ಮೇಲೆ ಅರಿಶಿನ ಕಲಸಿದ ತೆಂಗಿನೆಣ್ಣೆ ಸವರಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಪಾತ್ರೆ ಸೋಪಿನಿಂದ ತೊಳೆದು ಎಷ್ಟು ಹೋಗುತ್ತದೆ ನೋಡಿ. ಆಮೇಲೆ ಅದೇ ತುಂಡನ್ನು ಸೋಪುನೀರಿನಲ್ಲಿ ಒದ್ದೆ ಮಾಡಿ, ಅಂಗೈ ಒತ್ತಿ ಎಳೆದು ನೋಡಿ. ಕಲೆಯೂ ಹೋಗಬೇಕು, ಹಿಡಿತವೂ ಸಿಗಬೇಕು.

6. ಸಂದಿಗೆ ಎಪಾಕ್ಸಿ ಬಿಟ್ಟು ಬೇರೆ ಯೋಚಿಸಬೇಡಿ

ಅಡುಗೆಮನೆಯ ನೆಲ ಹಳತಾಗಿ ಕಾಣುವುದು ಟೈಲ್ಸ್‌ನಿಂದ ಅಲ್ಲ, ಸಂದಿನಿಂದ. ಸಿಮೆಂಟ್ ಗ್ರೌಟ್ ಅಥವಾ ಬಿಳಿ ಸಿಮೆಂಟ್ ರಂಧ್ರಗಳಿರುವ ವಸ್ತು. ಎಣ್ಣೆ, ಅರಿಶಿನ, ಪುನರ್ಪುಳಿಯ ಕೆಂಪು ಎಲ್ಲವನ್ನೂ ಅದು ಕುಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಲು ಬಿಡುವೇ ಸಿಗದಿದ್ದಾಗ ಅದರಲ್ಲಿ ಕಪ್ಪು ಬೂಷ್ಟು ಬೆಳೆಯುತ್ತದೆ.

ಎಪಾಕ್ಸಿ ಗ್ರೌಟ್ ಎರಡು ದ್ರವ, ಒಂದು ಪುಡಿ ಬೆರೆಸಿ ಮಾಡುವಂಥದ್ದು. ಗಟ್ಟಿಯಾದ ಮೇಲೆ ನೀರು, ಎಣ್ಣೆ ಹೀರುವುದಿಲ್ಲ. ಬೆಲೆ ಹೆಚ್ಚು, ಕೆಲಸವೂ ಚುರುಕಾಗಿ ಆಗಬೇಕು. ಪೂರ್ತಿ ಪ್ಯಾಕೆಟ್ ಬೆರೆಸಬೇಕೇ ಹೊರತು ಕಣ್ಣಂದಾಜಿನಲ್ಲಿ ಅರ್ಧ ಬೆರೆಸಿದರೆ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ. ತುಂಬಿದ ಸಂದಿನ ಅಕ್ಕಪಕ್ಕದ ಮೇಲ್ಮೈಯನ್ನು ಆಗಾಗಲೇ ಒರೆಸಬೇಕು, ತಡವಾದರೆ ಟೈಲ್ಸ್ ಮೇಲೆ ಜಿಗುಟಾದ ಪೊರೆ ಉಳಿದುಬಿಡುತ್ತದೆ. ಈ ಕೆಲಸ ಮಾಡಿ ಅಭ್ಯಾಸವಿರುವ ಆಳನ್ನೇ ಕರೆಯಿರಿ.

ಸಂದಿಲ್ಲದೆ ಒತ್ತಿ ಕೂರಿಸಿದರೆ ಚೆನ್ನಾಗಿ ಕಾಣುತ್ತದೆ ಎಂದು ಕೆಲವರು ಹೇಳುತ್ತಾರೆ, ಒಪ್ಪಬೇಡಿ. ಕೂದಲೆಳೆಯ ಸಂದಿಗೆ ಗ್ರೌಟ್ ಇಳಿಯುವುದಿಲ್ಲ, ಆದರೆ ನೀರು ಇಳಿಯುತ್ತದೆ. ಎರಡು ಮೂರು ಮಿಲಿಮೀಟರ್ ಸ್ಪೇಸರ್ ಇಟ್ಟೇ ಕೂರಿಸಿ. ಗೋಡೆಯ ಸುತ್ತ ಐದಾರು ಮಿಲಿಮೀಟರ್ ಜಾಗ ಬಿಟ್ಟು ಅದನ್ನು ಗ್ರೌಟ್ ಬದಲು ಸಿಲಿಕೋನ್‌ನಿಂದ ತುಂಬಿಸಿ. ನೆಲ ಹಿಗ್ಗಿದಾಗ ಟೈಲ್ಸ್ ಎದ್ದು ನಿಲ್ಲದಂತೆ ಅದು ಕಾಯುತ್ತದೆ. ಸ್ಕರ್ಟಿಂಗ್ ಆ ಜಾಗವನ್ನು ಮರೆಮಾಡುತ್ತದೆ.

ಕಲ್ಲಿನ ಚಪ್ಪಡಿ ದೊಡ್ಡದಾದ್ದರಿಂದ ಸಂದುಗಳು ಕಡಿಮೆ, ಇದು ಕಲ್ಲಿನ ನಿಜವಾದ ಲಾಭ. ಆದರೆ ತಿಳಿ ಬಣ್ಣದ, ನೀರು ಹೀರುವ ಕಲ್ಲಿನ ಅಂಚಿಗೆ ಎಪಾಕ್ಸಿಯೇ ಕಲೆ ಮಾಡಬಹುದು. ಮೊದಲು ತುಂಡಿನ ಮೇಲೆ ಪರೀಕ್ಷಿಸಿ.

7. ಬೀಳುವ ಭಾರ, ಎಳೆಯುವ ಭಾರ ಎಷ್ಟು ಎಂದು ಲೆಕ್ಕ ಹಾಕಿ

ಇಲ್ಲಿ ಕಲ್ಲು ಗೆಲ್ಲುತ್ತದೆ. ವಿಟ್ರಿಫೈಡ್ ಟೈಲ್ಸ್‌ನ ದಪ್ಪ ಸುಮಾರು 9ರಿಂದ 10 ಮಿಲಿಮೀಟರ್, ಗ್ರಾನೈಟ್‌ನದು 18ರಿಂದ 20. ಕುಕ್ಕರಿನ ಮುಚ್ಚಳ ಬಿದ್ದರೆ ಎರಡಕ್ಕೂ ಏನೂ ಆಗದು. ಆದರೆ ತೆಂಗಿನಕಾಯಿ ಒಡೆಯುವುದು, ಹಲಸು ಸೀಳುವುದು, ರುಬ್ಬುವ ಕಲ್ಲು ಸರಿಸುವುದು, ಹಬ್ಬಕ್ಕೆ ಹಿತ್ತಾಳೆ ಉರುಳಿ ಇಳಿಸುವುದು ನೆಲದಲ್ಲೇ ನಡೆಯುವ ಮನೆಯಾದರೆ ಟೈಲ್ಸ್‌ನ ಅಂಚು ಚಕ್ಕೆ ಏಳುವುದು ಖಚಿತ. ಎದ್ದರೆ ರಿಪೇರಿ ಇಲ್ಲ, ಆ ಟೈಲನ್ನೇ ಕಿತ್ತು ಬದಲಿಸಬೇಕು. ಗ್ರಾನೈಟ್ ಗೀರಿದರೆ ನಿಂತ ಜಾಗದಲ್ಲೇ ಮತ್ತೆ ಉಜ್ಜಿಸಬಹುದು.

ಸಿಲಿಂಡರ್ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 14.2 ಕಿಲೋ ಅನಿಲ ತುಂಬಿದ ಸಿಲಿಂಡರ್, ಉಕ್ಕಿನ ತೂಕವೂ ಸೇರಿ 30 ಕಿಲೋ ಆಸುಪಾಸು. ಅದರ ಬುಡದ ಬಳೆಯನ್ನು ನೆಲದ ಮೇಲೆ ಎಳೆದರೆ ಮ್ಯಾಟ್ ಟೈಲ್ಸ್ ಮೇಲೆ ಬೂದು ಗೆರೆ ಬೀಳುತ್ತದೆ. ಅದು ಹೆಚ್ಚಾಗಿ ಟೈಲ್ಸ್‌ಗೆ ಅಂಟಿದ ಲೋಹವೇ ಹೊರತು ಗೀರಲ್ಲ. ದೊಡ್ಡ ಹಾನಿ ಇರುವುದು ತುಕ್ಕಿನಲ್ಲಿ. ತೇವದ ನೆಲದಲ್ಲಿ ಸಿಲಿಂಡರ್ ತಿಂಗಳುಗಟ್ಟಲೆ ನಿಂತರೆ ಬಳೆಯಾಕಾರದ ಕಂದು ಗುರುತು ಬೀಳುತ್ತದೆ. ಜಿವಿಟಿಯ ಮೇಲಿಂದ ಅದನ್ನು ಬಹುಮಟ್ಟಿಗೆ ತೆಗೆಯಬಹುದು, ಕಲ್ಲಿನೊಳಗೆ ಇಳಿದರೆ ತೆಗೆಯುವುದು ಬಹಳ ಕಷ್ಟ. ನೆಲ ಯಾವುದೇ ಇರಲಿ, ಚಕ್ರವಿರುವ ಸಿಲಿಂಡರ್ ಟ್ರಾಲಿ ಮೊದಲ ದಿನವೇ ಬರಲಿ.

ಮಹಡಿಯ ಮೇಲಿನ ಅಡುಗೆಮನೆಯಾದರೆ ನೆಲದ ತೂಕವನ್ನೂ ನೋಡಿ. 20 ಮಿಲಿಮೀಟರ್ ಗ್ರಾನೈಟ್ ಚದರ ಮೀಟರಿಗೆ ಸುಮಾರು 54 ಕಿಲೋ, ಟೈಲ್ಸ್ ಅದರ ಅರ್ಧಕ್ಕಿಂತ ಕಡಿಮೆ. ಕಲ್ಲಿನ ಕೆಳಗಿನ ಗಾರೆಯ ತೂಕ ಬೇರೆ. ಹಳೆಯ ತಾರಸಿಯ ಮೇಲೆ ಕಲ್ಲು ಹಾಸುವುದಿದ್ದರೆ ಇಂಜಿನಿಯರ್ ಒಪ್ಪಿಗೆ ಬೇಕು.

8. ಕೂರಿಸುವ ದಿನ ನೀವೇ ಅಲ್ಲಿರಿ, ಒಂದು ಟೈಲ್ ಎತ್ತಿಸಿ ನೋಡಿ

ವಿಟ್ರಿಫೈಡ್ ಟೈಲ್ಸ್‌ನ ಒಳ್ಳೆಯ ಗುಣವೇ ಕೂರಿಸುವಾಗ ಅದರ ಕಷ್ಟ. ಅದು ನೀರು ಹೀರದ ಕಾರಣ ಬರಿ ಸಿಮೆಂಟ್ ನೀರಿನ ಮೇಲೆ ಕೂರಿಸಿದರೆ ಸರಿಯಾಗಿ ಕಚ್ಚುವುದಿಲ್ಲ. ಪಾಲಿಮರ್ ಬೆರೆತ ಟೈಲ್ ಅಂಟನ್ನೇ ಬಳಸಬೇಕು. ಬೆನ್ನಿನ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು, ಇಲ್ಲದಿದ್ದರೆ ಅಂಟು ಹಿಡಿಯುವುದು ಟೈಲನ್ನಲ್ಲ, ಪುಡಿಯನ್ನು. ಅಂಟನ್ನು ಹಲ್ಲಿನ ಕರಣೆಯಿಂದ ನೆಲದ ತುಂಬ ಗೆರೆಗೆರೆಯಾಗಿ ಎಳೆಯಬೇಕು. ನಾಲ್ಕು ಮೂಲೆ, ನಡುವೊಂದು ಉಂಡೆ ಇಟ್ಟು ಒತ್ತುವ ಪದ್ಧತಿ ಅಡುಗೆಮನೆಗೆ ಸಲ್ಲದು. ಉಂಡೆಗಳ ನಡುವಿನ ಪೊಳ್ಳಿನ ಮೇಲೆ ಭಾರ ಬಿದ್ದರೆ ಟೈಲ್ ಬಿರಿಯುತ್ತದೆ, ಸಂದಿನಿಂದ ಇಳಿದ ನೀರು ಆ ಪೊಳ್ಳಿನಲ್ಲೇ ನಿಂತು ಕೊಳೆಯುತ್ತದೆ.

ಎರಡನೆಯದೋ ಮೂರನೆಯದೋ ಟೈಲ್ ಕೂರಿಸಿದ ಕೂಡಲೇ ಅದನ್ನು ಎತ್ತಿಸಿ ಬೆನ್ನು ನೋಡಿ. ಪೂರ್ತಿ ಅಂಟು ತಾಗಿದ್ದರೆ ಕೆಲಸ ಸರಿಯಾಗಿದೆ. ಅಂಟು ಗಟ್ಟಿಯಾದ ಮೇಲೆ, ಗ್ರೌಟ್ ತುಂಬುವ ಮೊದಲು, ನಾಣ್ಯದಿಂದ ಪ್ರತಿ ಟೈಲಿನ ನಾಲ್ಕು ಮೂಲೆ ತಟ್ಟಿ. ಪೊಳ್ಳು ಸದ್ದು ಬಂದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಈ ಹಂತದಲ್ಲಿ ಬದಲಿಸುವುದು ಸುಲಭ, ಗ್ರೌಟ್ ಆದ ಮೇಲೆ ಅಕ್ಕಪಕ್ಕದವೂ ಹಾಳಾಗುತ್ತವೆ.

ಗ್ರಾನೈಟನ್ನು ಗಾರೆಯ ಮೇಲೆ ಕೂರಿಸುವ ರೂಢಿ ಸರಿಯೇ, ಕೆಳಗೆ ಪೊಳ್ಳು ಉಳಿಯದಿದ್ದರೆ ಸಾಕು. ಆದರೆ ಕಲ್ಲು, ಗಾರೆ ಸೇರಿ ನೆಲ ಎರಡು ಅಂಗುಲ ಏರುತ್ತದೆ. ಹಳೆಯ ಮನೆಯಲ್ಲಿ ಬಾಗಿಲು ತಗಲುತ್ತದೆಯೇ, ಹೊಸ್ತಿಲು ಮುಚ್ಚುತ್ತದೆಯೇ ಎಂದು ಮೊದಲೇ ಅಳೆಯಿರಿ.

ಕೊನೆಗೆ, ಸಿಮೆಂಟ್ ಕಲೆ ತೆಗೆಯಲು ಆಸಿಡ್ ಸುರಿಯಲು ಯಾರಿಗೂ ಬಿಡಬೇಡಿ. ಅದು ಸಿಮೆಂಟ್ ಗ್ರೌಟನ್ನು ತಿನ್ನುತ್ತದೆ, ಸುಣ್ಣಕಲ್ಲನ್ನು ಸುಡುತ್ತದೆ, ಕಬ್ಬಿಣಾಂಶವಿರುವ ಗ್ರಾನೈಟ್‌ನಲ್ಲಿ ಹಳದಿ ಕಲೆ ಎಬ್ಬಿಸುತ್ತದೆ. ಅಂದಂದಿನ ಸಿಮೆಂಟನ್ನು ಅಂದೇ ಒದ್ದೆ ಬಟ್ಟೆಯಲ್ಲಿ ಒರೆಸಿಸಿದರೆ ಆಸಿಡ್ ಅಗತ್ಯವೇ ಬೀಳದು.

9. ನಿಮ್ಮ ಮನೆಯ ಲೆಕ್ಕವನ್ನು ಕಾಗದದ ಮೇಲೆ ಬರೆದು ತೀರ್ಮಾನಿಸಿ

ಒಂದು ಉದಾಹರಣೆ ಬಿಡಿಸಿ ನೋಡೋಣ. ಉಡುಪಿ ಆಸುಪಾಸಿನ ಹಳೆಯ ಮನೆ, ನೆಲಮಾಳಿಗೆ ಇಲ್ಲದ ಒಂದಂತಸ್ತು, 10 ಅಡಿಗೆ 12 ಅಡಿಯ ಅಡುಗೆಮನೆ, ರೆಡ್ ಆಕ್ಸೈಡ್ ನೆಲ ಬಿರುಕು ಬಿಟ್ಟಿದೆ ಎಂದುಕೊಳ್ಳಿ. ಮನೆಯಲ್ಲಿ ಆರು ಮಂದಿ, ಅತ್ತೆಗೆ ಮಂಡಿನೋವು. ರುಬ್ಬುವುದು ಕಟ್ಟೆಯ ಮೇಲಿನ ಗ್ರೈಂಡರಿನಲ್ಲಿ. ದಿನವೂ ಮೀನು, ದಿನವೂ ಹುಳಿ.

ಜುಲೈಯಲ್ಲಿ ಎರಡು ಕಡೆ ಹಾಳೆ ಅಂಟಿಸುತ್ತಾರೆ. ಹಿತ್ತಿಲ ಗೋಡೆಯ ಪಕ್ಕದ ಹಾಳೆಯ ಒಳಗೆ ಹನಿ ಕಟ್ಟಿದೆ, ನಡುವಿನದು ಒಳಗೆ ಒಣಗಿದ್ದು ಮೇಲೆ ಒದ್ದೆ. ಅಂದರೆ ಹಿತ್ತಿಲ ಕಡೆ ಮಣ್ಣಿನ ತೇವ, ಉಳಿದ ಕಡೆ ಗಾಳಿಯ ಬೆವರು. ಹೊರಗೆ ನೋಡಿದರೆ ಮಾಡಿನ ನೀರು ಗೋಡೆಯ ಬುಡಕ್ಕೆ ಬೀಳುತ್ತಿದೆ. ದೋಣಿಕೊಳವೆ ಹಾಕಿಸಿ, ಮಣ್ಣು ಇಳಿಸಿ, ಚರಂಡಿಗೆ ವಾಟ ಕೊಡಿಸುತ್ತಾರೆ. ಮುಂದಿನ ಮಳೆಗಾಲದಲ್ಲಿ ಮತ್ತೆ ಹಾಳೆ ಅಂಟಿಸಿದಾಗ ಒಳಗೆ ಒಣಗಿದೆ. ನೆಲ ಅಗೆಯುವ ಖರ್ಚು ಉಳಿಯಿತು. ಹಳೆಯ ನೆಲ ತಟ್ಟಿ, ಸಡಿಲ ಭಾಗ ಕಿತ್ತು, ಸಮ ಮಾಡಿಸುತ್ತಾರೆ.

ಈಗ ವಸ್ತು. ಹುಳಿ ಇರುವುದರಿಂದ ಕಡಪ, ಕೋಟಾ, ಶಹಾಬಾದ್ ಪಟ್ಟಿಯಿಂದ ಹೊರಗೆ. ಉಳಿದದ್ದು ಲೆದರ್ ಫಿನಿಶ್ ಗ್ರಾನೈಟ್ ಮತ್ತು ಮ್ಯಾಟ್ ಜಿವಿಟಿ. ನೆಲದಲ್ಲಿ ಭಾರದ ಕೆಲಸ ಇಲ್ಲ, ಬಾಗಿಲಿನ ಕೆಳಗೆ ಒಂದು ಅಂಗುಲ ಮಾತ್ರ ಜಾಗ ಇದೆ, ಸೀಲರ್ ನೆನಪಿಟ್ಟು ಹಚ್ಚಿಸುವವರು ಯಾರೂ ಇಲ್ಲ. ಮೂರೂ ಉತ್ತರ ಟೈಲ್ಸ್ ಕಡೆಗೇ ಇವೆ. ಆರ್‌10 ಅಂಕದ, ಎರಡು ಅಡಿ ಚೌಕದ ಮ್ಯಾಟ್ ಜಿವಿಟಿ ಎಂದು ತೀರ್ಮಾನ.

120 ಚದರ ಅಡಿ ಎಂದರೆ 11.15 ಚದರ ಮೀಟರ್. ಕತ್ತರಿಸಿ ಹೋಗುವುದಕ್ಕೆ ಶೇ. 10 ಸೇರಿಸಿದರೆ 12.27. ನಾಲ್ಕು ಟೈಲ್ಸ್ ಇರುವ 600 ಮಿಲಿಮೀಟರ್ ಚೌಕದ ಪೆಟ್ಟಿಗೆಯಲ್ಲಿ 1.44 ಚದರ ಮೀಟರ್ ಬರುತ್ತದೆ, ಹಾಗಾಗಿ ಒಂಬತ್ತು ಪೆಟ್ಟಿಗೆ. ಮುಂದಿನ ರಿಪೇರಿಗೆಂದು ಹತ್ತನೆಯದನ್ನೂ ಕೊಂಡು ಅಟ್ಟದಲ್ಲಿ ಇಡಬೇಕು. ಹತ್ತೂ ಪೆಟ್ಟಿಗೆಯ ಮೇಲೆ ಒಂದೇ ಬ್ಯಾಚ್, ಒಂದೇ ಶೇಡ್ ಸಂಖ್ಯೆ ಇದೆಯೇ ಎಂದು ಇಳಿಸಿಕೊಳ್ಳುವಾಗಲೇ ನೋಡಬೇಕು, ಏಕೆಂದರೆ ಐದು ವರ್ಷದ ನಂತರ ಅದೇ ಬಣ್ಣ ಸಿಗುವ ಭರವಸೆ ಇಲ್ಲ. ಬೆಲೆ ಹೋಲಿಸುವಾಗ ಟೈಲ್ಸ್ ದರಕ್ಕೆ ಅಂಟು, ಎಪಾಕ್ಸಿ, ಕೂಲಿ ಸೇರಿಸಿ. ಗ್ರಾನೈಟ್ ದರಕ್ಕೆ ಗಾರೆ, ಕತ್ತರಿಸುವ ಕೂಲಿ, ಪೂರ್ತಿ ಚಪ್ಪಡಿಗೆ ಹಣ ಕೊಟ್ಟು ಉಳಿಯುವ ತುಂಡು, ಸೀಲರ್ ಸೇರಿಸಿ. ಬರಿ ಚದರಡಿ ದರ ಹೋಲಿಸಿದರೆ ಮೋಸ ಹೋಗುತ್ತೀರಿ.

ಇದೇ ಮನೆಯಲ್ಲಿ ಒರಳು, ಉರುಳಿ, ತೆಂಗಿನಕಾಯಿ ಎಲ್ಲ ನೆಲದ ಮೇಲೇ ಇದ್ದು, ಹೊಸ ಕಟ್ಟಡವಾದ್ದರಿಂದ ಕೆಳಗೆ ಪಾಲಿಥೀನ್ ಹಾಳೆಯೂ ಇದ್ದು, ಬಾಗಿಲಿನ ಮಟ್ಟವನ್ನು ನಾವೇ ನಿರ್ಧರಿಸುವಂತಿದ್ದರೆ ಉತ್ತರ ಬದಲಾಗುತ್ತಿತ್ತು. ಆಗ ಗಾಢ ಬಣ್ಣದ, ಒತ್ತಾದ, ಲೆದರ್ ಫಿನಿಶ್ ಗ್ರಾನೈಟ್ ಸರಿಯಾದ ಆಯ್ಕೆ. ಮಹಡಿಯ ಫ್ಲ್ಯಾಟ್ ಆದರೆ ತೂಕದ ಕಾರಣಕ್ಕೆ ಮತ್ತೆ ಟೈಲ್ಸ್. ನಿಮ್ಮ ಉತ್ತರ ಯಾವುದೇ ಬರಲಿ, ಅಂಗಡಿಗೆ ಹೋಗುವ ಮೊದಲು ಚೀಟಿಯಲ್ಲಿ ಐದು ಸಾಲು ಬರೆದಿರಲಿ: ತೇವ ಎಲ್ಲಿಂದ, ನೆಲದ ಮೇಲೆ ಬೀಳುವ ಭಾರ ಎಷ್ಟು, ಬಾಗಿಲಿನ ಕೆಳಗೆ ಜಾಗ ಎಷ್ಟು, ಜಾರುನಿರೋಧದ ಅಂಕ ಎಷ್ಟು ಬೇಕು, ಸಂದಿಗೆ ಏನು. ಈ ಐದಕ್ಕೂ ಉತ್ತರ ಕೈಯಲ್ಲಿದ್ದರೆ ಅಂಗಡಿಯಲ್ಲಿ ಆರಿಸಲು ಉಳಿಯುವುದು ಬಣ್ಣ ಮಾತ್ರ.